ಅವನು ಹೇಳಿದ ‘ನಾಳೆ’ ಯಾವತ್ತು? ಬೇರೆಯವರ ಮಾತನ್ನು ಇಂಗ್ಲಿಷಿನಲ್ಲಿ ಮುಟ್ಟಿಸುವ ಬಗೆ

ಇಂಗ್ಲಿಷಿನಲ್ಲಿ ಕೆಲಸ ನಡೆಯುವ ಜಾಗಕ್ಕೆ ಸೇರಿದವರಿಗೆ ಬೇಗನೆ ಒಂದು ವಿಷಯ ಗೊತ್ತಾಗುತ್ತದೆ. ಅಲ್ಲಿ ನಮ್ಮ ಮಾತು ಹೇಳುವುದು ಎಷ್ಟಿರುತ್ತದೋ, ಬೇರೆಯವರ ಮಾತು ಮುಟ್ಟಿಸುವುದೂ ಅಷ್ಟೇ ಇರುತ್ತದೆ. ಅವರು ಏನಂದರು, ಯಾವಾಗ ಕಳಿಸುತ್ತಾರಂತೆ, ಯಾಕೆ ತಡ ಆಯಿತಂತೆ, ನಮ್ಮನ್ನು ಏನು ಕೇಳಿದರು. ಕನ್ನಡದಲ್ಲಿ ಇದೆಲ್ಲ ಯೋಚನೆಯೇ ಇಲ್ಲದೆ ಬಾಯಿಗೆ ಬರುತ್ತದೆ. ಇಂಗ್ಲಿಷಿಗೆ ಬಂದರೆ ಅರ್ಧ ವಾಕ್ಯದಲ್ಲೇ ನಾಲಿಗೆ ನಿಲ್ಲುತ್ತದೆ. ‘ವಿಲ್’ ಅನ್ನಬೇಕಾ ‘ವುಡ್’ ಅನ್ನಬೇಕಾ? ‘ಟುಮಾರೋ’ನಾ ‘ದ ನೆಕ್ಸ್ಟ್ ಡೇ’ನಾ?

ಶಾಲೆಯಲ್ಲಿ ಇದನ್ನು ಕಲಿತಿರುತ್ತೇವೆ. ‘ಡೈರೆಕ್ಟ್, ಇನ್‌ಡೈರೆಕ್ಟ್’ ಅಂತ ಒಂದು ಪಾಠ, ಅದರಲ್ಲಿ ಒಂದು ಪಟ್ಟಿ. ಎಡಗಡೆ ‘ನೌ’, ಬಲಗಡೆ ‘ದೆನ್’. ಎಡಗಡೆ ‘ವಿಲ್’, ಬಲಗಡೆ ‘ವುಡ್’. ಆ ಪಟ್ಟಿ ತಪ್ಪಲ್ಲ. ಆದರೆ ಅದು ಏನನ್ನು ಏನಾಗಿ ಬದಲಿಸಬೇಕು ಅಂತ ಹೇಳುತ್ತದೆಯೇ ಹೊರತು ಯಾವಾಗ ಬದಲಿಸಬೇಕು, ಯಾವಾಗ ಬದಲಿಸಬಾರದು ಅಂತ ಹೇಳುವುದಿಲ್ಲ. ಮಾತಿನಲ್ಲಿ ಬೇಕಾಗುವುದು ಅದೇ. ಪಟ್ಟಿಯನ್ನು ಅಕ್ಷರಕ್ಕೆ ಅಕ್ಷರ ನಂಬಿ ಮಾತಾಡಿದರೂ ಕೆಲವು ಸಲ ಕೇಳುವವರಿಗೆ ಗೊಂದಲ ಆಗುತ್ತದೆ.

ಒಂದು ಮಾತು, ಎರಡು ಗಡಿಯಾರ

ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವಾಗ ಎರಡು ಹೊತ್ತುಗಳು ಸೇರಿಕೊಳ್ಳುತ್ತವೆ. ಒಂದು, ಆ ಮಾತು ಮೊದಲು ಆಡಿದ ಹೊತ್ತು. ಇನ್ನೊಂದು, ನಾವು ಅದನ್ನು ಮುಟ್ಟಿಸುತ್ತಿರುವ ಹೊತ್ತು. ಹೇಳಿದವನ ಕೈಯಲ್ಲಿ ಒಂದು ಗಡಿಯಾರ, ನಮ್ಮ ಕೈಯಲ್ಲಿ ಇನ್ನೊಂದು ಅಂದುಕೊಳ್ಳಿ. ಅವನು ಮಾತಾಡಿದ ಕ್ಷಣಕ್ಕೆ ಅವನ ಗಡಿಯಾರ ನಿಂತುಬಿಟ್ಟಿದೆ. ನಮ್ಮದು ಓಡುತ್ತಲೇ ಇದೆ.

‘ಈಗ’, ‘ಇವತ್ತು’, ‘ನಾಳೆ’, ‘ನಿನ್ನೆ’, ‘ಮುಂದಿನ ವಾರ’ ಮುಂತಾದ ಮಾತುಗಳಿಗೆ ತಮ್ಮದೇ ಆದ ತಾರೀಕು ಇಲ್ಲ. ಯಾರ ಗಡಿಯಾರ ನೋಡಿ ಹೇಳಿದ್ದು ಅನ್ನುವುದರ ಮೇಲೆ ಅವುಗಳ ಅರ್ಥ ನಿಂತಿದೆ. ಬುಧವಾರ ಹೇಳಿದ ‘ನಾಳೆ’ ಗುರುವಾರ. ಅದೇ ಮಾತನ್ನು ಗುರುವಾರ ಬೆಳಗ್ಗೆ ಹಾಗೇ ಎತ್ತಿ ಹೇಳಿದರೆ ಕೇಳಿದವರಿಗೆ ಅದು ಶುಕ್ರವಾರ ಆಗಿಬಿಡುತ್ತದೆ. ‘ನಾನು’, ‘ನೀನು’, ‘ಇಲ್ಲಿ’, ‘ಅಲ್ಲಿ’, ‘ಬಾ’, ‘ಹೋಗು’ ಇವುಗಳ ಕಥೆಯೂ ಇದೇ. ಹೇಳಿದವನಿಗೆ ‘ಇಲ್ಲಿ’ ಆಗಿದ್ದು ನಮಗೆ ‘ಅಲ್ಲಿ’ ಆಗಿರಬಹುದು.

ಹಾಗಾಗಿ ಮಾತು ಮುಟ್ಟಿಸುವ ಪ್ರತಿಯೊಂದು ಭಾಷೆಯೂ ಒಂದು ತೀರ್ಮಾನ ಮಾಡಲೇಬೇಕು. ಯಾವ ಪದವನ್ನು ಹೇಳಿದವನ ಗಡಿಯಾರಕ್ಕೆ ಬಿಡುವುದು, ಯಾವುದನ್ನು ನಮ್ಮ ಗಡಿಯಾರಕ್ಕೆ ತರುವುದು? ಕನ್ನಡದ ತೀರ್ಮಾನ ಒಂದು, ಇಂಗ್ಲಿಷಿನ ತೀರ್ಮಾನ ಇನ್ನೊಂದು. ನಾಲಿಗೆ ತಡವರಿಸುವುದು ಈ ವ್ಯತ್ಯಾಸದ ಹತ್ತಿರ.

ಕನ್ನಡ ಇದನ್ನು ಹೇಗೆ ಮಾಡುತ್ತದೆ

ಬುಧವಾರ ಪ್ರಕಾಶ ನಮಗೆ ಫೋನಿನಲ್ಲಿ ‘ನಾಳೆ ಕಳಿಸ್ತೀನಿ’ ಅಂದ ಅಂತ ಇಟ್ಟುಕೊಳ್ಳೋಣ. ಅದನ್ನು ಮುಟ್ಟಿಸಲು ಕನ್ನಡದಲ್ಲಿ ಮುಖ್ಯವಾಗಿ ಎರಡು ದಾರಿ ಇದೆ.

ಒಂದು ‘ಅಂತ’ದ ದಾರಿ. ‘ಪ್ರಕಾಶ ನಾಳೆ ಕಳಿಸ್ತೀನಿ ಅಂತ ಹೇಳಿದ’, ಅಥವಾ ಇನ್ನೂ ಚಿಕ್ಕದಾಗಿ ‘ಕಳಿಸ್ತೀನಿ ಅಂದ’. ಇಲ್ಲಿ ಕ್ರಿಯಾಪದವನ್ನು ಮುಟ್ಟುವುದೇ ಇಲ್ಲ. ಅವನು ‘ಕಳಿಸ್ತೀನಿ’ ಅಂದ, ನಾವೂ ‘ಕಳಿಸ್ತೀನಿ’ ಅಂತಲೇ ಹೇಳುತ್ತೇವೆ. ಹೇಳುತ್ತಿರುವವರು ನಾವಾದರೂ ‘ನಾನು ಕಳಿಸ್ತೀನಿ ಅಂದ’ ಅಂದಾಗ ಆ ‘ನಾನು’ ಪ್ರಕಾಶನೇ ಅಂತ ಕೇಳುವವರಿಗೆ ಸಾಮಾನ್ಯವಾಗಿ ಗೊತ್ತಾಗುತ್ತದೆ. ಬರವಣಿಗೆಯಲ್ಲಿ ಇದಕ್ಕೆ ‘ತಾನು’ ಬರುತ್ತದೆ: ‘ತಾನು ಕಳಿಸುತ್ತೇನೆ ಎಂದನು’. ‘ತಾನು’ ಬಂದರೂ ಕ್ರಿಯಾಪದದ ತುದಿಯಲ್ಲಿ ‘ಏನೆ’ ಉಳಿದುಕೊಂಡಿದೆ, ಗಮನಿಸಿ. ಪದ ಬದಲಾಯಿತು, ಕ್ರಿಯಾಪದದ ಬಾಲ ಅಲ್ಲಾಡಲಿಲ್ಲ.

ಇನ್ನೊಂದು ‘ಅಂತೆ’ಯ ದಾರಿ. ‘ನಾಳೆ ಕಳಿಸ್ತಾನಂತೆ’. ಇಲ್ಲಿ ‘ಕಳಿಸ್ತೀನಿ’ ಹೋಗಿ ‘ಕಳಿಸ್ತಾನೆ’ ಬಂತು. ಅಂದರೆ ನಮ್ಮ ಕಡೆಯಿಂದ ನೋಡಿ ಹೇಳುತ್ತಿದ್ದೇವೆ. ಇಲ್ಲಿ ದಿನದ ಹೆಸರೂ ನಮ್ಮ ಗಡಿಯಾರಕ್ಕೇ ಬರುತ್ತದೆ. ಬುಧವಾರ ಸಂಜೆ ‘ನಾಳೆ ಕಳಿಸ್ತಾನಂತೆ’ ಅಂದರೆ ಸರಿ. ಗುರುವಾರ ಬೆಳಗ್ಗೆ ಅದನ್ನೇ ‘ಇವತ್ತು ಕಳಿಸ್ತಾನಂತೆ’ ಅನ್ನಬೇಕು. ಮುಂದಿನ ಸೋಮವಾರ ‘ಗುರುವಾರ ಕಳಿಸ್ತಾನಂತೆ’ ಅಂದುಬಿಟ್ಟರೆ ಅದು ಕಳೆದ ಗುರುವಾರ ಆಗುವುದೇ ಇಲ್ಲ, ಮುಂದೆ ಬರುವ ಗುರುವಾರ ಆಗುತ್ತದೆ. ಹಾಗಾಗಿ ಸೋಮವಾರದ ಹೊತ್ತಿಗೆ ನಾವು ಯಾರೂ ಹೇಳಿಕೊಡದೆಯೇ ‘ಅಂತೆ’ ಬಿಟ್ಟು ‘ಗುರುವಾರ ಕಳಿಸ್ತೀನಿ ಅಂದಿದ್ದ’ ಅಂತ ದಾರಿ ಬದಲಿಸುತ್ತೇವೆ.

ಈ ಕೊನೆಯ ವಾಕ್ಯದಲ್ಲಿ ಒಂದು ಮಜಾ ಇದೆ. ಪ್ರಕಾಶ ‘ಗುರುವಾರ’ ಅಂತ ಹೇಳಿಯೇ ಇಲ್ಲ, ‘ನಾಳೆ’ ಅಂದಿದ್ದ. ಅಂದರೆ ‘ಕಳಿಸ್ತೀನಿ’ ಅನ್ನುವುದನ್ನು ಅವನ ಗಡಿಯಾರಕ್ಕೆ ಬಿಟ್ಟು, ದಿನವನ್ನು ಮಾತ್ರ ನಮ್ಮ ಗಡಿಯಾರಕ್ಕೆ ತಂದುಕೊಂಡಿದ್ದೇವೆ. ‘ಇವತ್ತು ಬರ್ತೀನಿ ಅಂದಿದ್ದ, ಬರಲೇ ಇಲ್ಲ’ ಅಂತ ದಿನಾ ಹೇಳುತ್ತೇವೆ ಅಲ್ವಾ? ಅವನು ನಿನ್ನೆ ‘ನಾಳೆ ಬರ್ತೀನಿ’ ಅಂದಿದ್ದು ಅದು. ಅಂದರೆ ಹೊತ್ತಿನ ಪದ ಸರಿಸುವುದು ಕನ್ನಡಿಗರಿಗೆ ಹೊಸದೇನೂ ಅಲ್ಲ. ನಮಗೆ ಹೊಸದು ಕ್ರಿಯಾಪದದ ಕಾಲ ಸರಿಸುವುದು. ಕನ್ನಡದಲ್ಲಿ ‘ಕಳಿಸ್ತೀನಿ’ ಎಷ್ಟು ವರ್ಷ ಕಳೆದರೂ ‘ಕಳಿಸ್ತೀನಿ’ಯೇ. ರಷ್ಯನ್ ಭಾಷೆಯೂ ಹೀಗೆಯೇ ಕಾಲವನ್ನು ಸರಿಸುವುದಿಲ್ಲ, ಹಾಗಾಗಿ ಇಂಗ್ಲಿಷ್ ಕಲಿಯುವಾಗ ಆ ಭಾಷೆಯವರೂ ಇದೇ ಜಾಗದಲ್ಲಿ ಎಡವುತ್ತಾರೆ.

ಸುಮ್ನೆ ಇಂಗ್ಲಿಷನ್ನು ಬೈಯುವ ಮೊದಲು ಇದನ್ನೂ ಹೇಳಬೇಕು: ನಮ್ಮ ದಾರಿಯಲ್ಲೂ ಗೊಂದಲ ಇದೆ. ‘ನಿನ್ನೆ ಬರ್ತೀನಿ ಅಂದಿದ್ದ’ ಅಂದರೆ ಅವನು ನಿನ್ನೆ ಹೇಳಿದ್ದಾ, ಅಥವಾ ಬರಬೇಕಾಗಿದ್ದದ್ದು ನಿನ್ನೆಯಾ? ವಾಕ್ಯ ನೋಡಿ ಹೇಳಲು ಆಗುವುದಿಲ್ಲ. ಮುಂದಿನ ಹಿಂದಿನ ಮಾತು ಕೇಳಿ ಊಹಿಸಬೇಕು.

ಇಂಗ್ಲಿಷ್ ಯಾಕೆ ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತದೆ

ಇಂಗ್ಲಿಷಿನ ತೀರ್ಮಾನ ಹೀಗಿದೆ. ‘ಹಿ ಸೆಡ್’ ಅಂತ ಶುರು ಮಾಡಿದ ಮೇಲೆ ಹೇಳುವವರು ನಾವು, ಗಡಿಯಾರವೂ ನಮ್ಮದೇ. ನಮ್ಮ ಗಡಿಯಾರದಿಂದ ನೋಡಿದರೆ ಅವನು ಮಾತಾಡಿದ್ದು ಆಗಿಹೋದ ಹೊತ್ತು. ಆ ಹೊತ್ತಿನಲ್ಲಿ ಅವನಿಗೆ ‘ಈಗ’ ಆಗಿದ್ದು ನಮಗೆ ‘ಆಗ’. ಹಾಗಾಗಿ ಅವನ ‘ಆಮ್’ ನಮ್ಮ ಬಾಯಲ್ಲಿ ‘ವಾಸ್’ ಆಗುತ್ತದೆ. ‘ಐ ಆಮ್ ಬಿಜಿ’ ಅಂದಿದ್ದು ‘ಹಿ ಸೆಡ್ ಹಿ ವಾಸ್ ಬಿಜಿ’ ಆಗುತ್ತದೆ.

ಕನ್ನಡದ ಕಿವಿಗೆ ಇದು ವಿಚಿತ್ರವಾಗಿ ಕೇಳುತ್ತದೆ. ‘ಬಿಜಿ ಇದ್ದ ಅಂತ ಹೇಳಿದ’ ಅಂದರೆ ನಮಗೆ ಅವನು ಹೇಳುವುದಕ್ಕೂ ಮೊದಲು ಬಿಜಿ ಇದ್ದ ಹಾಗೆ ಅನಿಸುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿನ ‘ವಾಸ್’ ‘ಸೆಡ್’ಗಿಂತ ಹಿಂದಿನದು ಅಂತ ಹೇಳುತ್ತಿಲ್ಲ. ‘ಸೆಡ್’ ಇದ್ದ ಹೊತ್ತಿನಲ್ಲೇ ಅಂತ ಹೇಳುತ್ತಿದೆ. ಇದೊಂದು ತಲೆಗೆ ಹೋದರೆ ಉಳಿದದ್ದನ್ನು ಬಾಯಿಪಾಠ ಮಾಡುವ ಕೆಲಸ ಬಹಳ ಕಡಿಮೆಯಾಗುತ್ತದೆ.

ಹಾಗಾದರೆ ‘ಸೆಡ್’ಗಿಂತಲೂ ಹಿಂದೆ ಆಗಿದ್ದನ್ನು ಹೇಗೆ ಹೇಳುವುದು? ಅದಕ್ಕೇ ‘ಹ್ಯಾಡ್’. ಅವನು ‘ಐ ಹ್ಯಾವ್ ಫಿನಿಶ್ಡ್’ ಅಂದಿದ್ದರೆ ‘ಹಿ ಸೆಡ್ ಹಿ ಹ್ಯಾಡ್ ಫಿನಿಶ್ಡ್’. ಮಾತಾಡುವ ಹೊತ್ತಿಗಾಗಲೇ ಮುಗಿದಿತ್ತು ಅಂತ ಅರ್ಥ. ಅವನ ಮಾತಿನಲ್ಲಿ ಮುಂದೆ ಆಗಬೇಕಾಗಿದ್ದದ್ದು ‘ವಿಲ್’, ಅದು ‘ವುಡ್’ ಆಗುತ್ತದೆ. ‘ಕ್ಯಾನ್’ ‘ಕುಡ್’ ಆಗುತ್ತದೆ, ‘ಮೇ’ ‘ಮೈಟ್’ ಆಗುತ್ತದೆ. ‘ವುಡ್’, ‘ಕುಡ್’, ‘ಶುಡ್’, ‘ಮೈಟ್’ ಅಂತ ಅವನೇ ಹೇಳಿದ್ದರೆ ಅವು ಸಾಮಾನ್ಯವಾಗಿ ಹಾಗೇ ಉಳಿಯುತ್ತವೆ.

‘ಮಸ್ಟ್’ ಒಂದರ ಹತ್ತಿರ ಸ್ವಲ್ಪ ಹುಷಾರು. ‘ಯು ಮಸ್ಟ್ ಸೈನ್ ಇಟ್’ ಅಂದಿದ್ದನ್ನು ‘ಹಿ ಸೆಡ್ ಐ ಹ್ಯಾಡ್ ಟು ಸೈನ್ ಇಟ್’ ಅನ್ನಬಹುದು. ‘ಮಸ್ಟ್’ ಅಂತಲೇ ಇಟ್ಟರೂ ತಪ್ಪಿಲ್ಲ. ಆದರೆ ‘ಯು ಮಸ್ಟಂಟ್ ಶೇರ್ ಇಟ್’ ಅಂದರೆ ಹಂಚಬೇಡ ಅಂತ. ‘ಮಸ್ಟ್’ಗೆ ‘ಹ್ಯಾಡ್ ಟು’ ಅಂತ ಪಟ್ಟಿಯಲ್ಲಿ ಇದೆಯಲ್ಲ ಅಂತ ಅದನ್ನು ‘ಹಿ ಸೆಡ್ ಐ ಡಿಡಂಟ್ ಹ್ಯಾವ್ ಟು ಶೇರ್ ಇಟ್’ ಮಾಡಿದರೆ ‘ಹಂಚಲೇಬೇಕು ಅಂತೇನಿಲ್ಲ, ನಿನ್ನಿಷ್ಟ’ ಅಂತ ಆಗುತ್ತದೆ. ಅವನು ಹೇಳಿದ್ದಕ್ಕೂ ಇದಕ್ಕೂ ಅಜಗಜಾಂತರ. ಅಲ್ಲಿ ‘ಮಸ್ಟಂಟ್’ ಅನ್ನೇ ಉಳಿಸಿ, ಇಲ್ಲವೇ ‘ಹಿ ಟೋಲ್ಡ್ ಮಿ ನಾಟ್ ಟು ಶೇರ್ ಇಟ್’ ಅನ್ನಿ.

ಒಂದೇ ಫೋನ್ ಕರೆ, ಮೂರು ದಿನ

ಈಗ ಪೂರ್ತಿ ಒಂದು ಉದಾಹರಣೆ ಹಿಡಿದು ನೋಡೋಣ. ಬುಧವಾರ ಮಧ್ಯಾಹ್ನ ಪ್ರಕಾಶ ಫೋನಿನಲ್ಲಿ ಇಂಗ್ಲಿಷಿನಲ್ಲೇ ಹೀಗೆ ಹೇಳಿದ:

‘ಐ ಆಮ್ ವರ್ಕಿಂಗ್ ಆನ್ ದ ರಿಪೋರ್ಟ್ ನೌ. ಐ ಮೆಟ್ ದ ಕ್ಲೈಂಟ್ ಯೆಸ್ಟರ್‌ಡೇ. ಐ ಹ್ಯಾವಂಟ್ ಚೆಕ್ಡ್ ದ ನಂಬರ್ಸ್ ಯೆಟ್. ಐ ವಿಲ್ ಸೆಂಡ್ ಇಟ್ ಟುಮಾರೋ.’

ಬುಧವಾರ ಸಂಜೆ ಮ್ಯಾನೇಜರ್ ಸುಮಾ ಕೇಳುತ್ತಾರೆ, ಪ್ರಕಾಶ ಏನಂದ ಅಂತ. ಹೇಳಿ ಕೆಲವೇ ಗಂಟೆ ಆಗಿದೆ. ದಿನ ಬದಲಾಗಿಲ್ಲ. ಅವನ ‘ನಾಳೆ’ಯೂ ನಮ್ಮ ‘ನಾಳೆ’ಯೂ ಒಂದೇ ಗುರುವಾರ. ಹಾಗಾಗಿ ಹೊತ್ತಿನ ಪದಗಳನ್ನು ಮುಟ್ಟಬಾರದು:

‘ಹಿ ಸೆಡ್ ಹಿ ಮೆಟ್ ದ ಕ್ಲೈಂಟ್ ಯೆಸ್ಟರ್‌ಡೇ ಆಂಡ್ ಹಿ ವುಡ್ ಸೆಂಡ್ ದ ರಿಪೋರ್ಟ್ ಟುಮಾರೋ.’

ಇಲ್ಲಿ ‘ವುಡ್’ ಜಾಗದಲ್ಲಿ ‘ವಿಲ್’ ಅಂದರೂ ನಡೆಯುತ್ತದೆ, ಯಾಕೆ ಅಂತ ಮುಂದೆ ನೋಡೋಣ. ಆದರೆ ಪಟ್ಟಿಯನ್ನು ನೆನಪಿಸಿಕೊಂಡು ‘ದ ನೆಕ್ಸ್ಟ್ ಡೇ’ ಅಂದರೆ ಸುಮಾ ಅವರಿಗೆ ತಲೆ ತಿರುಗುತ್ತದೆ. ಯಾವ ದಿನದ ಮರುದಿನ? ಪಟ್ಟಿಯನ್ನು ಜಾಸ್ತಿ ನಂಬಿದವರಿಗೆ ಆಗುವ ಗೊಂದಲ ಇದು. ‘ವಿಲ್’ ‘ವುಡ್’ ಆದ ತಕ್ಷಣ ‘ಟುಮಾರೋ’ ಕೂಡ ಬದಲಾಗಲೇಬೇಕು ಅಂತೇನಿಲ್ಲ. ಕ್ರಿಯಾಪದ ಸರಿಯುವುದು ಬೇರೆ ಲೆಕ್ಕ, ದಿನ ಸರಿಯುವುದು ಬೇರೆ ಲೆಕ್ಕ.

ಗುರುವಾರ ಬೆಳಗ್ಗೆ ಸುಮಾ ಮತ್ತೆ ಕೇಳುತ್ತಾರೆ. ಈಗ ಅವನ ‘ನಾಳೆ’ ನಮ್ಮ ‘ಇವತ್ತು’. ಅವನ ‘ನಿನ್ನೆ’ ನಮಗೆ ಮೊನ್ನೆ, ಅಂದರೆ ಮಂಗಳವಾರ:

‘ಹಿ ಸೆಡ್ ಹಿ ವುಡ್ ಸೆಂಡ್ ಇಟ್ ಟುಡೇ. ಹಿ ಮೆಟ್ ದ ಕ್ಲೈಂಟ್ ಆನ್ ಟ್ಯೂಸ್‌ಡೇ.’

‘ಇವತ್ತು ಕಳಿಸ್ತೀನಿ ಅಂದಿದ್ದ’ ಅಂತ ಕನ್ನಡದಲ್ಲಿ ಮಾಡಿದ ಕೆಲಸವೇ ಇದು. ದಿನವನ್ನು ನಮ್ಮ ಕಡೆಗೆ ತಂದುಕೊಂಡೆವು. ಹೊತ್ತಿನ ವಿಷಯದಲ್ಲಿ ಇಂಗ್ಲಿಷಿನಲ್ಲಿ ಹೆಚ್ಚಿಗೆ ಮಾಡಿದ್ದು ‘ವುಡ್’ ಒಂದೇ.

ಮುಂದಿನ ಸೋಮವಾರ ಮೀಟಿಂಗ್. ರಿಪೋರ್ಟ್ ಇನ್ನೂ ಬಂದಿಲ್ಲ. ಬುಧವಾರ ಅವನು ಏನೇನು ಹೇಳಿದ ಅಂತ ಪೂರ್ತಿ ಹೇಳಬೇಕು. ಈಗ ಅವನ ಗಡಿಯಾರದ ಯಾವ ಪದವೂ ನಮ್ಮ ಗಡಿಯಾರಕ್ಕೆ ಹೊಂದುವುದಿಲ್ಲ. ಇಲ್ಲಿಯೇ ಪಟ್ಟಿಯ ಬಲಗಡೆ ಪೂರ್ತಿ ಉಪಯೋಗಕ್ಕೆ ಬರುವುದು:

‘ಆನ್ ವೆಡ್ನೆಸ್‌ಡೇ ಹಿ ಸೆಡ್ ಹಿ ವಾಸ್ ವರ್ಕಿಂಗ್ ಆನ್ ದ ರಿಪೋರ್ಟ್. ಹಿ ಸೆಡ್ ಹಿ ಹ್ಯಾಡ್ ಮೆಟ್ ದ ಕ್ಲೈಂಟ್ ದ ಡೇ ಬಿಫೋರ್, ಬಟ್ ಹ್ಯಾಡಂಟ್ ಚೆಕ್ಡ್ ದ ನಂಬರ್ಸ್ ಯೆಟ್, ಆಂಡ್ ಹಿ ವುಡ್ ಸೆಂಡ್ ಇಟ್ ದ ನೆಕ್ಸ್ಟ್ ಡೇ.’

‘ದ ಡೇ ಬಿಫೋರ್’, ‘ದ ನೆಕ್ಸ್ಟ್ ಡೇ’ ಅನ್ನುವುದಕ್ಕೆ ಮೊದಲು ‘ಆನ್ ವೆಡ್ನೆಸ್‌ಡೇ’ ಅಂತ ಒಂದು ಗೂಟ ಹೊಡೆದಿದ್ದೇವೆ, ನೋಡಿ. ಆ ಗೂಟ ಇಲ್ಲದಿದ್ದರೆ ಮರುದಿನ, ಹಿಂದಿನ ದಿನ ಅನ್ನುವುದು ಎಲ್ಲಿಗೂ ಅಂಟುವುದಿಲ್ಲ. ಈ ಸಾಲುಗಳಲ್ಲಿ ‘ನೌ’ ಮಾಯವಾಗಿದೆ, ಅದನ್ನು ‘ದೆನ್’ ಮಾಡಲೇಬೇಕು ಅಂತಿಲ್ಲ. ‘ವಾಸ್ ವರ್ಕಿಂಗ್’ ಅಂದರೆ ಸಾಕು. ‘ಯೆಟ್’ ಹಾಗೇ ಉಳಿದಿದೆ. ಇಷ್ಟೆಲ್ಲ ಲೆಕ್ಕ ಮಾತಿನ ಮಧ್ಯೆ ಕಷ್ಟ ಅನಿಸಿದರೆ ವಾರದ ಹೆಸರನ್ನೇ ಹೇಳಿಬಿಡುವುದು ಒಳ್ಳೆಯದು: ‘ಹಿ ವುಡ್ ಸೆಂಡ್ ಇಟ್ ಆನ್ ಥರ್ಸ್‌ಡೇ’. ದಿನ ಹೇಳಿದರೆ ಯಾರ ಗಡಿಯಾರವನ್ನೂ ಕೇಳಬೇಕಾಗಿಲ್ಲ. ನನ್ನನ್ನು ಕೇಳಿದರೆ ಕೆಲಸದ ಜಾಗದಲ್ಲಿ ಇದೇ ಎಲ್ಲಕ್ಕಿಂತ ಸುರಕ್ಷಿತ.

‘ವುಡ್ ಸೆಂಡ್’ ಅನ್ನುವುದರಲ್ಲಿ ಇನ್ನೊಂದು ಅನುಕೂಲವೂ ಇದೆ. ಅವನು ಕಳಿಸಿದನೋ ಇಲ್ಲವೋ ಅಂತ ಅದು ಹೇಳುವುದಿಲ್ಲ. ಅವನು ಹಾಗೆ ಹೇಳಿದ್ದ, ಅಷ್ಟೇ. ಅದೇ ಸೋಮವಾರ ‘ಹಿ ಸೆಡ್ ಹಿ ವಿಲ್ ಸೆಂಡ್ ಇಟ್’ ಅಂದರೆ ಇನ್ನೂ ಕಳಿಸಲಿದ್ದಾನೆ, ಕಾಯೋಣ ಅಂತ ಕೇಳುವವರು ತಿಳಿಯುತ್ತಾರೆ.

‘ನಾನು’ ಮಾಡುವ ಅವಾಂತರ

ಕಾಲ ತಪ್ಪಿದರೆ ಸಾಮಾನ್ಯವಾಗಿ ಕೇಳುವವರು ಹೇಗೋ ಸರಿಮಾಡಿಕೊಳ್ಳುತ್ತಾರೆ. ‘ನಾನು’ ತಪ್ಪಿದರೆ ಹಾಗಲ್ಲ. ‘ನಾನು ಕಳಿಸ್ತೀನಿ ಅಂತ ಹೇಳಿದ’ ಅನ್ನುವುದನ್ನು ಹಾಗೇ ಇಂಗ್ಲಿಷಿಗೆ ಇಳಿಸಿ ‘ಹಿ ಸೆಡ್ ದಟ್ ಐ ವಿಲ್ ಸೆಂಡ್ ಇಟ್’ ಅಂದರೆ ವ್ಯಾಕರಣದಲ್ಲಿ ಎದ್ದು ಕಾಣುವ ತಪ್ಪೇನೂ ಇಲ್ಲ. ಅದೇ ಅಪಾಯ. ಸುಮಾ ಅವರಿಗೆ ಅರ್ಥವಾಗುವುದು ರಿಪೋರ್ಟ್ ಕಳಿಸಬೇಕಾದವರು ನೀವು ಅಂತ. ಪ್ರಕಾಶ ಕೆಲಸವನ್ನು ನಿಮ್ಮ ತಲೆಗೆ ಕಟ್ಟಿದ ಹಾಗಾಯಿತು.

ಇಂಗ್ಲಿಷಿನಲ್ಲಿ ‘ದಟ್’ ನಮ್ಮ ‘ಅಂತ’ ಇದ್ದ ಹಾಗೆ ಕಂಡರೂ ಅದರ ಕೆಲಸ ಬೇರೆ. ‘ಅಂತ’ದ ಒಳಗೆ ಇನ್ನೊಬ್ಬರ ಬಾಯಿಯ ‘ನಾನು’ ಹಾಗೇ ಕೂತಿರಬಹುದು. ‘ದಟ್’ ಒಳಗಿನ ‘ಐ’ ಯಾವಾಗಲೂ ಈಗ ಮಾತಾಡುತ್ತಿರುವವರೇ. ಹಾಗಾಗಿ ‘ಹಿ ಸೆಡ್’ ಅಂದ ಮೇಲೆ ಅವನ ‘ಐ’ ‘ಹಿ’ ಆಗಲೇಬೇಕು, ಅವನ ‘ಮೈ’ ‘ಹಿಸ್’ ಆಗಲೇಬೇಕು. ಅವನು ನಮಗೆ ಹೇಳಿದ ‘ಯು’ ‘ಐ’ ಅಥವಾ ‘ಮಿ’ ಆಗುತ್ತದೆ. ಕಾಲದ ವಿಷಯದಲ್ಲಿ ಇರುವ ರಿಯಾಯಿತಿ ಇಲ್ಲಿ ಇಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ಸಣ್ಣ ತೊಡಕು. ‘ಸೆಡ್’ ಆದ ಮೇಲೆ ಯಾರಿಗೆ ಅಂತ ಹೇಳಬೇಕಾಗಿಲ್ಲ. ‘ಟೋಲ್ಡ್’ ಅಂದರೆ ಹೇಳಲೇಬೇಕು. ‘ಹಿ ಟೋಲ್ಡ್ ದಟ್ ಹಿ ವಾಸ್ ಬಿಜಿ’ ಅನ್ನುವುದು ನಮ್ಮಲ್ಲಿ ತುಂಬ ಕೇಳುತ್ತದೆ. ಸರಿಯಾದದ್ದು ‘ಹಿ ಟೋಲ್ಡ್ ಮಿ ಹಿ ವಾಸ್ ಬಿಜಿ’.

ಸರಿಸದೆಯೂ ಹೇಳಬಹುದಾದ ಹೊತ್ತು

ಬುಧವಾರ ಸಂಜೆ ‘ವಿಲ್’ ಅಂದರೂ ನಡೆಯುತ್ತದೆ ಅಂದೆವಲ್ಲ, ಅದಕ್ಕೆ ಕಾರಣ ಇದು. ಅವನು ಹೇಳಿದ್ದು ನಾವು ಮಾತಾಡುವ ಹೊತ್ತಿಗೂ ನಿಜವಾಗಿಯೇ ಉಳಿದಿದ್ದರೆ, ಅಥವಾ ಅವನು ಹೇಳಿದ ಹೊತ್ತು ಇನ್ನೂ ಬಂದಿಲ್ಲದಿದ್ದರೆ, ಕಾಲವನ್ನು ಸರಿಸದೆ ಬಿಡಬಹುದು. ‘ಶಿ ಸೆಡ್ ಹರ್ ನೇಮ್ ಈಸ್ ಅನಿತಾ’ ಅಂದರೆ ತಪ್ಪಿಲ್ಲ, ಈಗಲೂ ಅವಳ ಹೆಸರು ಅನಿತಾನೇ. ‘ವಾಸ್ ಅನಿತಾ’ ಅಂದರೂ ತಪ್ಪಿಲ್ಲ, ಅವಳು ಹೆಸರು ಬದಲಿಸಿಕೊಂಡಳು ಅಂತ ಯಾರೂ ತಿಳಿಯುವುದಿಲ್ಲ.

ಎರಡೂ ಸರಿ ಅಂದರೆ ಎರಡೂ ಒಂದೇ ಅಂತಲ್ಲ. ಸರಿಸದೆ ಹೇಳಿದಾಗ ನಾವೂ ಆ ಮಾತಿನ ಪಕ್ಕ ನಿಂತ ಹಾಗೆ ಇರುತ್ತದೆ. ‘ಹಿ ಸೆಡ್ ದ ಸರ್ವರ್ ಈಸ್ ಡೌನ್’ ಅಂದರೆ ಕೇಳಿದವರು ಸರ್ವರ್ ಈಗಲೂ ಕೆಲಸ ಮಾಡುತ್ತಿಲ್ಲ ಅಂತಲೇ ತಿಳಿದು ಓಡುತ್ತಾರೆ. ‘ಹಿ ಸೆಡ್ ದ ಸರ್ವರ್ ವಾಸ್ ಡೌನ್’ ಅಂದರೆ ಅವನು ಹಾಗೆ ಹೇಳಿದ, ಈಗ ಹೇಗಿದೆಯೋ ನೋಡಬೇಕು ಅನ್ನುವ ಅಂತರ ಇರುತ್ತದೆ. ನಿಮಗೆ ಅನುಮಾನ ಇದ್ದರೆ, ಅಥವಾ ಅದು ಸುಳ್ಳು ಅಂತ ಗೊತ್ತಾಗಿದ್ದರೆ, ಸರಿಸಿ ಹೇಳುವುದೇ ಸರಿ. ‘ಹಿ ಸೆಡ್ ಹಿ ವಾಸ್ ಇಲ್, ಬಟ್ ಐ ಸಾ ಹಿಮ್ ಔಟ್‌ಸೈಡ್’ ಅನ್ನುವಲ್ಲಿ ‘ಈಸ್’ ಹಾಕಿದರೆ ವಾಕ್ಯವೇ ತನ್ನ ಜೊತೆ ತಾನು ಜಗಳ ಆಡುತ್ತದೆ.

ಹಾಗಂತ ಸರಿಸುವುದರಿಂದ ಎಲ್ಲವೂ ಸ್ಪಷ್ಟ ಆಗಿಬಿಡುತ್ತದೆ ಅಂತಲ್ಲ. ‘ಹಿ ಸೆಡ್ ಹಿ ವಾಸ್ ಇಲ್’ ಅನ್ನುವುದು ‘ಐ ಆಮ್ ಇಲ್’ ಅಂದಿದ್ದರಿಂದಲೂ ಬಂದಿರಬಹುದು, ‘ಐ ವಾಸ್ ಇಲ್’ ಅಂದಿದ್ದರಿಂದಲೂ ಬಂದಿರಬಹುದು. ಎರಡನೆಯದಾದರೆ ‘ಹಿ ಹ್ಯಾಡ್ ಬೀನ್ ಇಲ್’ ಅಂತ ‘ಹ್ಯಾಡ್’ ಹಾಕಿದರೆ ಗೊಂದಲ ಹೋಗುತ್ತದೆ. ದಿನ ಹೇಳಿದ್ದರೆ ‘ಹ್ಯಾಡ್’ ಬೇಕಾಗುವುದಿಲ್ಲ. ‘ಹಿ ಸೆಡ್ ಹಿ ಮೆಟ್ ದ ಕ್ಲೈಂಟ್ ಆನ್ ಟ್ಯೂಸ್‌ಡೇ’ ಅನ್ನುವಲ್ಲಿ ಮಂಗಳವಾರ ಅನ್ನುವುದೇ ಎಲ್ಲ ಹೇಳಿಬಿಟ್ಟಿದೆ. ಮಾತಿನಲ್ಲಿ ಇಂಗ್ಲಿಷ್‌ನವರು ಇಂಥ ಕಡೆ ‘ಹ್ಯಾಡ್’ ಬಿಡುವುದೇ ಹೆಚ್ಚು.

ಪ್ರಶ್ನೆ ಕೇಳಿದ್ದನ್ನು, ಕೆಲಸ ಹೇಳಿದ್ದನ್ನು ಮುಟ್ಟಿಸುವಾಗ

‘ವೇರ್ ಆರ್ ಯು ಗೋಯಿಂಗ್?’ ಅಂತ ಕೇಳಿದ್ದನ್ನು ಹೇಳುವಾಗ ‘ಹಿ ಆಸ್ಕ್ಡ್ ವೇರ್ ಆಮ್ ಐ ಗೋಯಿಂಗ್’ ಅಂತ ಬಾಯಿಗೆ ಬರುತ್ತದೆ. ‘ನಾನು’ ಸರಿಯಾಗಿ ಬಂದಿದೆ, ಆದರೆ ಪದಗಳ ಸಾಲು ಇನ್ನೂ ಪ್ರಶ್ನೆಯದ್ದೇ. ನಾವು ಈಗ ಪ್ರಶ್ನೆ ಕೇಳುತ್ತಿಲ್ಲ, ಅವನು ಕೇಳಿದ ಅಂತ ಹೇಳುತ್ತಿದ್ದೇವೆ. ಹಾಗಾಗಿ ಸಾಲು ಹೇಳಿಕೆಯ ಸಾಲಾಗಬೇಕು: ‘ಹಿ ಆಸ್ಕ್ಡ್ ವೇರ್ ಐ ವಾಸ್ ಗೋಯಿಂಗ್’. ಹೌದು ಇಲ್ಲ ಅಂತ ಉತ್ತರ ಬರುವ ಪ್ರಶ್ನೆಯಾದರೆ ಮಧ್ಯೆ ‘ಇಫ್’ ಹಾಕಬೇಕು. ‘ಡು ಯು ನೀಡ್ ಹೆಲ್ಪ್?’ ಅನ್ನುವುದು ‘ಹಿ ಆಸ್ಕ್ಡ್ ಇಫ್ ಐ ನೀಡೆಡ್ ಹೆಲ್ಪ್’ ಆಗುತ್ತದೆ. ಆ ‘ಡು’ ಪ್ರಶ್ನೆಗಾಗಿ ಮಾತ್ರ ಬಂದಿತ್ತು, ಪ್ರಶ್ನೆ ಹೋದ ಮೇಲೆ ಅದೂ ಹೋಯಿತು.

ಮಾಡು, ಬಾ, ಕೊಡು ಅಂತ ಹೇಳಿದ್ದಾದರೆ ಕಾಲದ ತಲೆನೋವೇ ಇಲ್ಲ. ‘ಕಾಲ್ ಮಿ ಟುಮಾರೋ’ ಅಂದಿದ್ದು ‘ಹಿ ಟೋಲ್ಡ್ ಮಿ ಟು ಕಾಲ್ ಹಿಮ್’ ಆಗುತ್ತದೆ. ‘ಟುಮಾರೋ’ವನ್ನು ಮಾತ್ರ ನಮ್ಮ ದಿನ ನೋಡಿ ಸರಿಮಾಡಬೇಕು. ‘ಕಮ್ ಹಿಯರ್ ಅಟ್ ಫೈವ್’ ಅಂದಿದ್ದನ್ನು ಬೇರೆ ಜಾಗದಲ್ಲಿ ನಿಂತು ಹೇಳುವಾಗ ‘ಹಿಯರ್’ ಹೋಗಿ ‘ದೇರ್’ ಬರುತ್ತದೆ, ಜೊತೆಗೆ ‘ಕಮ್’ ಕೂಡ ‘ಗೋ’ ಆಗಬಹುದು: ‘ಹಿ ಟೋಲ್ಡ್ ಮಿ ಟು ಗೋ ದೇರ್ ಅಟ್ ಫೈವ್’.

ಹರಟೆಯಲ್ಲಿ ಇಷ್ಟೆಲ್ಲ ಮಾಡುತ್ತಾರಾ?

ಎಲ್ಲ ಸಲ ಮಾಡುವುದಿಲ್ಲ. ಈಗಷ್ಟೇ ಬಂದ ಸುದ್ದಿಯನ್ನು ಮುಟ್ಟಿಸುವಾಗ ‘ಸೆಡ್’ ಬದಲು ‘ಸೇಸ್’ ಅನ್ನುತ್ತಾರೆ. ಫೋನ್ ಇನ್ನೂ ಕೈಯಲ್ಲೇ ಇರುವಾಗ ‘ಪ್ರಕಾಶ್ ಸೇಸ್ ಹಿ ವಿಲ್ ಬಿ ಲೇಟ್’ ಅಂದರೆ ಏನೂ ಸರಿಸಬೇಕಾಗಿಲ್ಲ, ‘ಐ’ ಜಾಗದಲ್ಲಿ ‘ಹಿ’ ಬಂದರೆ ಆಯಿತು. ಎರಡು ಗಡಿಯಾರವೂ ಒಂದೇ ಹೊತ್ತು ತೋರಿಸುತ್ತಿರುವಾಗ ಸರಿಸುವುದು ಏನನ್ನು? ನಮ್ಮ ‘ತಡ ಆಗುತ್ತಂತೆ’ಗೆ ಇದು ತುಂಬ ಹತ್ತಿರ.

ಸುದ್ದಿ ಎತ್ತುವಾಗ ‘ಹಿ ವಾಸ್ ಸೇಯಿಂಗ್’ ಅನ್ನುವುದೂ ಮಾತಿನಲ್ಲಿ ಸಾಮಾನ್ಯ. ‘ಅನಿತಾ ವಾಸ್ ಸೇಯಿಂಗ್ ಯು ಆರ್ ಚೇಂಜಿಂಗ್ ಜಾಬ್ಸ್’ ಅಂದರೆ ‘ನೀವು ಕೆಲಸ ಬದಲಾಯಿಸ್ತೀರಂತೆ, ಅನಿತಾ ಹೇಳ್ತಾ ಇದ್ದಳು’ ಅಂತ. ಅವಳು ಯಾವ ಪದ ಬಳಸಿದಳು ಅನ್ನುವುದು ಇಲ್ಲಿ ಮುಖ್ಯ ಅಲ್ಲ, ಆ ವಿಷಯ ಮಾತಿಗೆ ತರಬೇಕು ಅಷ್ಟೇ.

ಇನ್ನು ಸ್ನೇಹಿತರ ನಡುವೆ ಕಥೆ ಹೇಳುವಾಗ ಸರಿಸುವ ಗೋಜಿಗೇ ಹೋಗದೆ ಅವನ ಮಾತನ್ನು ಅವನ ದನಿಯಲ್ಲೇ ಹೇಳಿಬಿಡುತ್ತಾರೆ: ‘ಆಂಡ್ ಹಿ ವಾಸ್ ಲೈಕ್, ಐ ಆಮ್ ನಾಟ್ ಕಮಿಂಗ್!’ ಇಲ್ಲಿ ‘ಐ’ ಅವನೇ, ‘ಆಮ್’ ಅವನದೇ, ಎಲ್ಲವೂ ಅವನ ಗಡಿಯಾರ. ಕನ್ನಡದ ‘ನಾನು ಬರಲ್ಲ ಅಂದ’ ಇದ್ದ ಹಾಗೆಯೇ. ‘ಹಿ ಸೆಡ್’ ಆದ ಮೇಲೆ ಸ್ವಲ್ಪ ನಿಲ್ಲಿಸಿ, ದನಿ ಬದಲಿಸಿ ಅವನ ಮಾತು ಹೇಳಿದರೂ ಇದೇ ಕೆಲಸ ಆಗುತ್ತದೆ. ಕನ್ನಡದಿಂದ ಬಂದವರಿಗೆ ಇದು ಸುಲಭ ಅನಿಸುವುದು ಸಹಜ. ಒಂದೇ ಷರತ್ತು, ಮಧ್ಯೆ ‘ದಟ್’ ಬರಬಾರದು. ‘ದಟ್’ ಬಂತೋ, ‘ಐ’ ಮತ್ತೆ ನೀವೇ ಆಗಿಬಿಡುತ್ತೀರಿ. ಮೀಟಿಂಗಿನಲ್ಲಿ ಮತ್ತು ಬರವಣಿಗೆಯಲ್ಲಿ ‘ವಾಸ್ ಲೈಕ್’ ಹೊಂದುವುದಿಲ್ಲ. ಬರೆಯುವಾಗ ದನಿ ಬದಲಿಸಲು ಆಗುವುದಿಲ್ಲವಲ್ಲ, ಅಲ್ಲಿ ಉದ್ಧರಣ ಚಿಹ್ನೆ ಬೇಕು, ಇಲ್ಲವೇ ಪೂರ್ತಿ ಸರಿಸಿ ಬರೆಯಬೇಕು.

ಬರವಣಿಗೆಯಲ್ಲಿ ಹೊತ್ತಿನ ಪದಕ್ಕೆ ಇನ್ನೊಂದು ತೊಂದರೆ ಇದೆ. ಪ್ರಕಾಶ ಬುಧವಾರ ರಾತ್ರಿ ಕಳಿಸಿದ ‘ವಿಲ್ ಸೆಂಡ್ ಟುಮಾರೋ’ ಅನ್ನುವ ಮೆಸೇಜನ್ನು ನೀವು ಗುರುವಾರ ಬೆಳಗ್ಗೆ ಸುಮಾ ಅವರಿಗೆ ಹಾಗೇ ಫಾರ್ವರ್ಡ್ ಮಾಡಿದಿರಿ ಅಂದುಕೊಳ್ಳಿ. ಅವನು ಬರೆದ ಹೊತ್ತು ಎಷ್ಟೋ ಸಲ ಅದರ ಜೊತೆ ಹೋಗುವುದಿಲ್ಲ, ನೀವು ಕಳಿಸಿದ ಹೊತ್ತು ಮಾತ್ರ ಕಾಣುತ್ತದೆ. ಸುಮಾ ಶುಕ್ರವಾರದವರೆಗೆ ಕಾಯುತ್ತಾ ಕೂರುತ್ತಾರೆ. ಫಾರ್ವರ್ಡ್ ಮಾಡಿದರೂ ಪರವಾಗಿಲ್ಲ, ಕೆಳಗೆ ‘ಹಿ ಮೀನ್ಸ್ ಥರ್ಸ್‌ಡೇ’ ಅಂತ ಒಂದು ಸಾಲು ಸೇರಿಸಿ.